ಗಾಳಿಯ ವೇಗ ಕೇಳುವ ಮುನ್ನ ಎತ್ತರ ಕೇಳಿ

ಮುಂಗಾರು ಹತ್ತಿರ ಬಂದಾಗ ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಟೆರೇಸಿನ ತಗಡಿನ ಚಾವಣಿ, ಸೋಲಾರ್ ಪ್ಯಾನೆಲ್, ಪಕ್ಕದ ರಸ್ತೆಯ ಹೋರ್ಡಿಂಗ್‌ಗಳ ಮಾತು ಏಳುತ್ತದೆ. ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಹೋರ್ಡಿಂಗ್ ಉರುಳಿ 17 ಜನ ಸತ್ತ ಮೇಲೆ ಈ ಭಯ ಸಹಜ. ಈಚೆಗೆ ಕೆಲವು ಸೊಸೈಟಿಗಳು ಟೆರೇಸಿನ ಮೇಲೆ ತಮ್ಮದೇ ಗಾಳಿಮಾಪಕ ಹಾಕಿಸಿಕೊಳ್ಳುತ್ತಿವೆ. ಹವಾಮಾನ ಉಪಕರಣಗಳನ್ನು ಜೋಡಿಸುವ ಕೆಲಸದಲ್ಲಿರುವ ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ತಿರುಗುವ ಬಟ್ಟಲಿನದು ಒಳ್ಳೆಯದೋ, ಸೋನಿಕ್ ಒಳ್ಳೆಯದೋ?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಎಲ್ಲಿ ನಿಲ್ಲಿಸುತ್ತೀರಿ?

ಮೊದಲು ಉಪಕರಣದ ವಿಷಯ ಮುಗಿಸೋಣ. ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ಥಾಮಸ್ ರಾಬಿನ್ಸನ್ 1846ರಲ್ಲಿ ನಾಲ್ಕು ಬಟ್ಟಲಿನ ಮಾಪಕ ರೂಪಿಸಿದರು. ಇಂದು ಎಲ್ಲೆಡೆ ಕಾಣುವುದು ಮೂರು ಬಟ್ಟಲಿನದು. ಬಟ್ಟಲಿನ ಒಳಬದಿಗೆ ಗಾಳಿಯ ಒತ್ತಡ ಹೆಚ್ಚು, ಉಬ್ಬಿದ ಹೊರಬದಿಗೆ ಕಡಿಮೆ. ಆ ವ್ಯತ್ಯಾಸದಿಂದಲೇ ಅದು ತಿರುಗುತ್ತದೆ. ಸರಳ, ಗಟ್ಟಿಮುಟ್ಟು, ಕಡಿಮೆ ಬೆಲೆಯದು. ಆದರೆ ಅದಕ್ಕೆ ಎರಡು ದೌರ್ಬಲ್ಯಗಳಿವೆ. ಗಾಳಿ ಜೋರಾದಾಗ ಬಟ್ಟಲುಗಳು ಬೇಗ ವೇಗ ಹಿಡಿಯುತ್ತವೆ, ಇಳಿದಾಗ ಅಷ್ಟು ಬೇಗ ನಿಧಾನವಾಗುವುದಿಲ್ಲ. ಹಾಗಾಗಿ ಬಿಟ್ಟು ಬಿಟ್ಟು ಬೀಸುವ ಗಾಳಿಯಲ್ಲಿ ಸರಾಸರಿ ಸ್ವಲ್ಪ ಹೆಚ್ಚೇ ಬರುತ್ತದೆ. ಇನ್ನೊಂದು ಬೇರಿಂಗ್‌ನದು. ಸಮುದ್ರದ ಉಪ್ಪು, ನಗರದ ಧೂಳು ಸೇರಿಕೊಂಡರೆ ಮಂದಗಾಳಿಗೆ ಬಟ್ಟಲು ಅಲುಗುವುದೇ ಇಲ್ಲ. ದಾಖಲೆಯಲ್ಲಿ ತಿಂಗಳಿಂದ ತಿಂಗಳಿಗೆ ‘ಸೊನ್ನೆ’ಗಳು ಹೆಚ್ಚುತ್ತಾ ಹೋದರೆ ಗಾಳಿ ನಿಂತಿತು ಎಂದುಕೊಳ್ಳಬೇಡಿ, ಬೇರಿಂಗ್ ನೋಡಿಸಿ.

ಸೋನಿಕ್ ಮಾಪಕದಲ್ಲಿ ತಿರುಗುವ ಭಾಗವೇ ಇಲ್ಲ. ಎದುರುಬದುರಾದ ಎರಡು ತುದಿಗಳು ಪರಸ್ಪರ ಶಬ್ದದ ಮಿಡಿತ ಕಳಿಸುತ್ತವೆ. ಅವುಗಳ ನಡುವೆ 20 ಸೆಂಟಿಮೀಟರ್ ಇದೆ, ಆ ದಿಕ್ಕಿನಲ್ಲಿ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಇದೆ ಎನ್ನಿ. ಗಾಳಿಯ ಜೊತೆ ಹೋಗುವ ಶಬ್ದಕ್ಕೆ ಸುಮಾರು 562 ಮೈಕ್ರೋಸೆಕೆಂಡ್ ಸಾಕು, ಎದುರು ಬರುವುದಕ್ಕೆ ಸುಮಾರು 595 ಬೇಕು. ಈ ಎರಡು ಸಮಯಗಳಿಂದಲೇ ಗಾಳಿಯ ವೇಗ ಸಿಗುತ್ತದೆ. ಸೆಕೆ ಹೆಚ್ಚಾಗಿ ಶಬ್ದದ ವೇಗವೇ ಬದಲಾದರೂ ಎರಡೂ ಕಡೆ ಸಮನಾಗಿ ಬದಲಾಗುವುದರಿಂದ ಲೆಕ್ಕದಲ್ಲಿ ಅದು ಕಳೆದುಹೋಗುತ್ತದೆ. ಕ್ಷಣಕ್ಷಣದ ಏರಿಳಿತವೂ ತಿಳಿಯುತ್ತದೆ. ಆದರೆ ತುದಿಗಳ ಮೇಲೆ ಮಳೆಹನಿ ನಿಂತರೆ, ಪಾರಿವಾಳ ಬಂದು ಕೂತರೆ ಓದು ತಪ್ಪುತ್ತದೆ ಅಥವಾ ನಿಲ್ಲುತ್ತದೆ. ದಾಖಲೆಯಲ್ಲಿ ಒಂಟಿ ಮುಳ್ಳಿನಂತೆ ಎದ್ದ ಅಂಕಿ ಕಂಡರೆ, ಜೋರು ಮಳೆಯ ಹೊತ್ತಿನಲ್ಲೇ ಖಾಲಿ ಜಾಗಗಳಿದ್ದರೆ ಕಾರಣ ಇದೇ.

ಎರಡಕ್ಕೂ ಅದರದರ ಜಾಗವಿದೆ. ಆದರೆ ಸರಿಯಾಗಿ ನೋಡಿಕೊಂಡ ಎರಡು ಮಾಪಕಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಅವುಗಳ ಸರಾಸರಿಯಲ್ಲಿ ಸಿಗುವ ವ್ಯತ್ಯಾಸ ಶೇಕಡಾ ಕೆಲವೇ ಅಂಶ. ನಿಲ್ಲಿಸಿದ ಜಾಗ ತಪ್ಪಿದರೆ ಆಗುವ ವ್ಯತ್ಯಾಸದ ಮುಂದೆ ಅದು ಲೆಕ್ಕಕ್ಕಿಲ್ಲ.

ನೆಲ ಗಾಳಿಯನ್ನು ತಡೆಯುತ್ತದೆ. ಹುಲ್ಲು ಮಾತ್ರ ಇರುವ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಗಂಟೆಗೆ 36 ಕಿ.ಮೀ. ಬೀಸುವ ಗಾಳಿ, 2 ಮೀಟರ್‌ನಲ್ಲಿ ಸುಮಾರು 26 ಇರುತ್ತದೆ. 3 ಮೀಟರ್‌ಗೆ ಏರಿದರೆ ಹೆಚ್ಚುಕಡಿಮೆ 28.5. ಅಂದರೆ ತಗ್ಗಿನಲ್ಲಿ ಕಂಬ ಒಂದು ಮೀಟರ್ ಹೆಚ್ಚುಕಡಿಮೆಯಾದರೆ ಶೇಕಡಾ 10ರಷ್ಟು ತಪ್ಪು. ಅದೇ 10 ಮೀಟರ್ ಕಂಬ 11 ಆದರೆ ತಪ್ಪು ಶೇಕಡಾ 2ಕ್ಕಿಂತ ಕಡಿಮೆ. 10 ಮೀಟರ್‌ನ ಲಾಭ ಇದು: ನೆಲದ ಚಿಲ್ಲರೆ ತಡೆಗಳಿಂದ ಮೇಲಿದೆ, ಆದರೂ ಕಂಬ ನೆಟ್ಟು ಹತ್ತಿ ದುರಸ್ತಿ ಮಾಡುವಷ್ಟು ಕೆಳಗಿದೆ. ವಿಶ್ವ ಹವಾಮಾನ ಸಂಸ್ಥೆಯ ಮಾನದಂಡ ಎತ್ತರದ ಜೊತೆಗೆ ಬಯಲನ್ನೂ ಕೇಳುತ್ತದೆ. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರವಿದೆಯೋ, ಕನಿಷ್ಠ ಅದರ ಹತ್ತು ಪಟ್ಟು ದೂರದಲ್ಲಿ ಮಾಪಕ ಇರಬೇಕು. 15 ಮೀಟರ್ ಕಟ್ಟಡವಿದ್ದರೆ 150 ಮೀಟರ್ ದೂರ. ವಿಮಾನ ನಿಲ್ದಾಣಗಳಲ್ಲಿ ಇದು ಸಾಧ್ಯ, ನಮ್ಮ ಸೊಸೈಟಿಗಳಲ್ಲಿ ಅಸಾಧ್ಯ.

‘ನಮ್ಮ ಟೆರೇಸು 40 ಮೀಟರ್ ಎತ್ತರದಲ್ಲಿದೆ, ಇನ್ನೂ ಒಳ್ಳೆಯದಲ್ಲವೇ?’ ಎಂದು ಕೇಳುವವರಿದ್ದಾರೆ. ಬಯಲಿನ 40 ಮೀಟರ್ ಕಂಬ ಬೇರೆ, 40 ಮೀಟರ್ ಕಟ್ಟಡದ ನೆತ್ತಿ ಬೇರೆ. ಕಟ್ಟಡಕ್ಕೆ ಬಡಿದ ಗಾಳಿ ಮೇಲಕ್ಕೆ ಹಾರಿ ಅಂಚಿನಲ್ಲಿ ವೇಗ ಪಡೆಯುತ್ತದೆ. ಅಂಚಿನ ಹಿಂದೆ, ಟೆರೇಸಿನ ಮೇಲ್ಮೈಗೆ ಹತ್ತಿರ ಸುಳಿಯಾಗಿ ಹಿಂದಕ್ಕೂ ತಿರುಗುತ್ತದೆ. ಎರಡು ಮೀಟರ್ ಕೋಲಿನ ಮೇಲಿನ ಮಾಪಕ ಪಶ್ಚಿಮದ ಗಾಳಿಗೆ ಹೆಚ್ಚು ತೋರಿಸಬಹುದು. ದಿಕ್ಕು ಬದಲಾಗಿ ನೀರಿನ ಟ್ಯಾಂಕೋ ಲಿಫ್ಟ್ ಕೋಣೆಯೋ ಅಡ್ಡ ಬಂದರೆ ಅರ್ಧಕ್ಕೆ ಇಳಿಯಬಹುದು. ಇದನ್ನು ಗುರುತಿಸುವ ಉಪಾಯವಿದೆ. 3 ಸೆಕೆಂಡಿನ ಗರಿಷ್ಠ ವೇಗವನ್ನು ಅದೇ 10 ನಿಮಿಷದ ಸರಾಸರಿಯಿಂದ ಭಾಗಿಸಿ. ಬಲವಾದ ಗಾಳಿಯಲ್ಲಿ ಬಯಲಿನ ಮಾಪಕಕ್ಕೆ ಇದು ಸುಮಾರು ಒಂದೂವರೆಯ ಒಳಗೆ ಇರುತ್ತದೆ. ಯಾವುದೋ ಒಂದು ದಿಕ್ಕಿನ ಗಾಳಿಗೆ ಮಾತ್ರ ಎರಡು ದಾಟುತ್ತಿದ್ದರೆ ಆ ದಿಕ್ಕಿನಲ್ಲಿ ಅಡ್ಡಿ ಇದೆ ಎಂದರ್ಥ. ದುಬಾರಿ ಸೋನಿಕ್ ಕೂಡ ಆ ಸುಳಿಯನ್ನು ಬಹಳ ನಿಖರವಾಗಿ ಅಳೆಯುತ್ತದೆ, ಅಷ್ಟೇ. ಊರಿನ ಗಾಳಿಯನ್ನಲ್ಲ.

ಹಾಗಾದರೆ ನಾವು ವಾಸಿಸದ ಬಯಲಿನ ಅಂಕಿ ನಮಗೇಕೆ ಬೇಕು? ಅಂಗಡಿಗೊಂದು ಸೇರು ಇದ್ದರೆ ವ್ಯಾಪಾರ ನಡೆಯದು. ಕಟ್ಟಡಗಳ ಗಾಳಿಹೊರೆ ಕುರಿತ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗ, 10 ಮೀಟರ್ ಎತ್ತರದ ಬಯಲಿನ 3 ಸೆಕೆಂಡ್ ಬೀಸನ್ನೇ ಮೂಲ ವೇಗವೆಂದು ಇಟ್ಟುಕೊಳ್ಳುತ್ತದೆ. ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಬೆಂಗಳೂರಿಗೆ 33, ಪುಣೆಗೆ 39, ಮುಂಬೈ ಮತ್ತು ಹೈದರಾಬಾದಿಗೆ 44, ದೆಹಲಿಗೆ 47, ಚೆನ್ನೈಗೆ 50. ಅಲ್ಲಿಂದ ಕಟ್ಟಡದ ಎತ್ತರ, ಸುತ್ತಲಿನ ನೆಲ, ಗುಡ್ಡಗಳಿಗೆ ತಕ್ಕಂತೆ ಗುಣಿಸಿ ನಿಮ್ಮ ಟೆರೇಸಿನ ವೇಗ ಪಡೆಯುತ್ತಾರೆ. ಅಳೆಯುವುದು ಒಂದೇ ರೀತಿಯ ಜಾಗದಲ್ಲಿ, ಲೆಕ್ಕ ಎಲ್ಲ ಜಾಗಕ್ಕೂ. ಬೆಂಗಳೂರಿನ ತವರುಮನೆಯಲ್ಲಿ ನಿಂತ ತಗಡಿನ ಚಾವಣಿಯ ನಕ್ಷೆಯನ್ನು ಹಾಗೇ ಚೆನ್ನೈಗೆ ತಂದರೆ ಏಕೆ ಆಗದು ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಒತ್ತಡ ವೇಗದ ವರ್ಗದಂತೆ ಏರುವುದರಿಂದ ಚೆನ್ನೈಯಲ್ಲಿ ಹೊರೆ ಎರಡು ಪಟ್ಟಿಗೂ ಹೆಚ್ಚು.

ಮುಂಬೈಯ 44 ಎಂದರೆ ಗಂಟೆಗೆ 158 ಕಿ.ಮೀ. ಘಾಟ್ಕೋಪರ್‌ನ ಹೋರ್ಡಿಂಗ್ ತಳಪಾಯ ತಡೆಯಬಲ್ಲದ್ದು 49 ಕಿ.ಮೀ. ಮಾತ್ರ ಎಂದು ವಿಜೆಟಿಐ ತಜ್ಞರ ವರದಿ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ವೇಗದಲ್ಲಿ ಮೂರು ಪಟ್ಟು ಎನಿಸುವ ಈ ಅಂತರ ಒತ್ತಡದಲ್ಲಿ ಹತ್ತು ಪಟ್ಟು: ಚದರ ಮೀಟರಿಗೆ 118 ಕಿಲೋ ತಡೆಯಬೇಕಾದ ಕಡೆ 11 ಕಿಲೋ.

ಆದ್ದರಿಂದ ಸೊಸೈಟಿಯ ಮೀಟಿಂಗಿನಲ್ಲಿ ‘ಹೋದ ವರ್ಷ ನಮ್ಮ ಮಾಪಕದಲ್ಲಿ 60 ದಾಟಲಿಲ್ಲ, 80ಕ್ಕೆ ಕಟ್ಟಿದರೆ ಸಾಕು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಅಂಕಿ ಯಾವ ಎತ್ತರದ್ದು, ಸುತ್ತ ಏನಿದೆ, ಎಷ್ಟು ಹೊತ್ತಿನ ಸರಾಸರಿ ಎಂದು ಕೇಳಿ. ನಗರದ ಸ್ವಯಂಚಾಲಿತ ಕೇಂದ್ರಗಳ ಅಂಕಿ ಪ್ರಕಟಿಸುವವರೂ ಈ ಮೂರನ್ನು ಪಕ್ಕದಲ್ಲೇ ಬರೆಯಬೇಕು. ಟೆರೇಸಿನ ಮಾಪಕ ಇರಲಿ. ಗಾಳಿ ಏರುತ್ತಿದೆ, ಕುಂಡಗಳನ್ನು ಒಳಗಿಡಿ ಎಂದು ಎಚ್ಚರಿಸಲು ಅದು ಸಾಕು. ಚಾವಣಿಗೆ ಬೋಲ್ಟ್ ಎಷ್ಟು ಎಂಬ ತೀರ್ಮಾನ ಮಾತ್ರ ಮಾನದಂಡದ ಮೂಲ ವೇಗದಿಂದ, ರಚನಾ ಎಂಜಿನಿಯರ್ ಸಹಿಯೊಂದಿಗೆ ಬರಲಿ.