ಬಾಗಿಲಲ್ಲಿ ಕೇಳುವ ‘ಇಲ್ಲ’ ಯಾರದು?

ಕೊಪ್ಪಳ, ಗಂಗಾವತಿಯಂಥ ಊರುಗಳಲ್ಲಿ ಆನ್‌ಲೈನಿನಲ್ಲಿ ಕೊಂಡ ಬಟ್ಟೆಯನ್ನು ವಾಪಸ್ ಕೊಡಲು ಹೋದವರು ಒಮ್ಮೆಯಾದರೂ ಕೇಳಿರಬಹುದಾದ ಮಾತು: “ಟ್ಯಾಗ್ ಇಲ್ರೀ, ತಗೊಳ್ಳಾಕ ಬರಂಗಿಲ್ಲ.” ಅಷ್ಟಕ್ಕೆ ಎಷ್ಟೋ ಜನ ಸುಮ್ಮನಾಗುತ್ತಾರೆ, ಕೆಲವರು ಪಿಕಪ್‌ಗೆ ಬಂದ ಹುಡುಗನ ಮೇಲೆ ರೇಗುತ್ತಾರೆ. ಎರಡರಿಂದಲೂ ಹಣ ಮರಳುವುದಿಲ್ಲ. ಆ ಹುಡುಗ ಹೇಳುವ ‘ಇಲ್ಲ’ ಪರಿಶೀಲನೆಯ ಒಂದು ಹಂತ ಮಾತ್ರ. ಅದಕ್ಕೆ ಏನು ಉತ್ತರ ಕೊಡಬೇಕೆಂಬುದು ನಾವು ವಸ್ತುವನ್ನು ಯಾಕೆ ಮರಳಿಸುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ.

ಅವನ ಮೊಬೈಲಿನಲ್ಲಿ ವಸ್ತುವಿನ ಚಿತ್ರವೂ ಕೆಲವು ಪ್ರಶ್ನೆಗಳೂ ಇರುತ್ತವೆ: ಬಣ್ಣ ಇದೇನಾ, ಸೈಜ್ ಸರಿಯಿದೆಯಾ, ಟ್ಯಾಗ್ ಇದೆಯಾ, ಬಳಸಿದ ಗುರುತಿದೆಯಾ. ಟ್ಯಾಗ್ ಎಂದರೆ ಕುತ್ತಿಗೆಯ ಬಳಿ ಹೊಲಿದಿರುವ ಪಟ್ಟಿಯಲ್ಲ, ದಾರದಲ್ಲಿ ತೂಗುವ ಬೆಲೆಯ ಚೀಟಿ. ಯಾವುದಾದರೂ ಒಂದಕ್ಕೆ ‘ಇಲ್ಲ’ ಒತ್ತಿದರೆ ಪಿಕಪ್ ಸಾಮಾನ್ಯವಾಗಿ ಮುಂದಕ್ಕೆ ಹೋಗದು. ಸುಮ್ಮನೆ ‘ಇದೆ’ ಎಂದು ಒತ್ತಿ, ಮುಂದೆ ಗೋದಾಮಿನಲ್ಲಿ ತಪ್ಪು ಸಿಕ್ಕಿಬಿದ್ದರೆ ಹೊಣೆ ಅವನ ತಲೆಗೆ ಬರಬಹುದು. ಹೀಗಾಗಿ ಅವನೊಂದಿಗೆ ವಾದಿಸುವುದು ನ್ಯಾಯವೂ ಅಲ್ಲ, ಉಪಯೋಗವೂ ಇಲ್ಲ. ಪ್ಯಾಕಿಂಗ್ ವಿಷಯದಲ್ಲೂ ಭೇದವಿದೆ. ಶೂ ಅಥವಾ ಮೊಬೈಲಿನ ಕಂಪನಿ ಡಬ್ಬಿಯನ್ನು ವಸ್ತುವಿನ ಭಾಗವೆಂದೇ ಎಣಿಸುತ್ತಾರೆ. ಅದರ ಮೇಲೆ ಸುತ್ತಿ ಬಂದ ಕೊರಿಯರ್ ಕವರ್ ಹರಿದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಕುಷ್ಟಗಿಯ ಒಬ್ಬ ಹೆಣ್ಣುಮಗಳು ಎಲ್ ಸೈಜಿನ ಕುರ್ತಾ ತರಿಸಿದಳು ಎಂದಿಟ್ಟುಕೊಳ್ಳಿ. ಬಂದದ್ದು ಎಂ ಸೈಜ್. ತೊಟ್ಟು ನೋಡುವಾಗ ಟ್ಯಾಗ್ ಕಿತ್ತುಹೋಯಿತು, ಪಿಕಪ್ ಫೇಲ್ ಆಯಿತು. ಅದೇ ಓಣಿಯಲ್ಲಿ ಇನ್ನೊಬ್ಬಳಿಗೆ ಕೇಳಿದ ಸೈಜೇ ಬಂದಿದೆ, ಆದರೆ ಬಣ್ಣ ಮನಸ್ಸಿಗೆ ಬರಲಿಲ್ಲ. ಅವಳ ಬಳಿಯೂ ಟ್ಯಾಗ್ ಇಲ್ಲ. ಬಾಗಿಲಲ್ಲಿ ಇಬ್ಬರಿಗೂ ಒಂದೇ ಉತ್ತರ ಸಿಗುತ್ತದೆ, ಆದರೆ ಇಬ್ಬರ ಹಕ್ಕು ಒಂದೇ ಅಲ್ಲ. ಎರಡನೆಯವಳಿಗೆ ವಾಪಸಾತಿ ಮಾರಾಟಗಾರ ಒಪ್ಪಿಕೊಂಡ ಷರತ್ತಿನಂತೆ ಸಿಗುವ ಸೌಲಭ್ಯ. ಟ್ಯಾಗ್ ಬೇಕೆಂಬುದು ಆ ಷರತ್ತಿನಲ್ಲಿದ್ದರೆ ಅವಳು ಸೋಲುತ್ತಾಳೆ. ಮೊದಲನೆಯವಳ ಬೆನ್ನಿಗೆ ಕಾನೂನಿದೆ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೋಷವಿರುವ, ನಕಲಿಯಾದ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಕೇಳಿದ್ದನ್ನು ಬಿಟ್ಟು ಬೇರೆ ಸೈಜ್ ಕಳಿಸಿದ ತಪ್ಪನ್ನು ಕಿತ್ತುಹೋದ ಚೀಟಿಯೊಂದು ಮುಚ್ಚಿಹಾಕಬಾರದು.

ಟ್ಯಾಗ್ ಕೇಳದಿದ್ದರೆ ಮದುವೆಗೆ ಉಟ್ಟ ಸೀರೆಯನ್ನು ಮರುದಿನ ವಾಪಸ್ ಕಳಿಸುವವರನ್ನು ತಡೆಯುವುದು ಹೇಗೆ ಎಂದು ಮಾರಾಟಗಾರರು ಕೇಳುತ್ತಾರೆ. ಆಕ್ಷೇಪ ಸರಿಯಾದದ್ದೇ. ಹಾಗೆ ಮಾಡುವವರಿದ್ದಾರೆ, ಆ ನಷ್ಟದ ಪೆಟ್ಟು ಸಣ್ಣ ವ್ಯಾಪಾರಿಗಳಿಗೆ ಜೋರಾಗಿ ಬೀಳುತ್ತದೆ. ಕಳಿಸಿದ ಬಟ್ಟೆಯೇ ಮರಳಿ ಬಂತೆಂದು ತಿಳಿಯಲೂ ಟ್ಯಾಗ್ ಬೇಕು. ಆದರೆ ಇದು ಮನಸ್ಸು ಬದಲಾಯಿಸಿದವರಿಗೆ ಹಾಕಬೇಕಾದ ತಡೆ. ತಪ್ಪು ವಸ್ತು ಬಂದವರ ಮಟ್ಟಿಗೆ ಟ್ಯಾಗ್ ಒಂದು ಪುರಾವೆ ಮಾತ್ರ, ಅದಿಲ್ಲದಿದ್ದರೆ ಬೇರೆ ಪುರಾವೆಯನ್ನು ನೋಡಬೇಕು. ಹೊಲಿದ ಪಟ್ಟಿಯ ಮೇಲಿನ ‘ಎಂ’ ಅಂಥದೊಂದು. ಪಾರ್ಸೆಲ್ ಬಿಚ್ಚುವಾಗ ತೆಗೆದ ಫೋಟೋ ಇದ್ದರೆ ಇನ್ನೂ ಗಟ್ಟಿ.

ಆದ್ದರಿಂದ ಬಾಗಿಲಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಕಿತ್ತ ಟ್ಯಾಗ್ ಮನೆಯಲ್ಲಿದ್ದರೆ ಬಟ್ಟೆಯ ಜೊತೆಗಿಟ್ಟು, ಕಿತ್ತಿದೆ ಎಂದು ನೇರವಾಗಿ ಹೇಳಿ. ಒಮ್ಮೊಮ್ಮೆ ಅಷ್ಟಕ್ಕೇ ಒಪ್ಪುತ್ತಾರೆ. ಒಪ್ಪದಿದ್ದರೆ ಯಾವ ಕಾರಣ ದಾಖಲಿಸುತ್ತಿದ್ದಾನೆಂದು ಕೇಳಿ. ‘ಗ್ರಾಹಕರೇ ರದ್ದು ಮಾಡಿದರು’ ಎಂದು ದಾಖಲಾದರೆ ಮುಂದಿನ ದೂರಿನ ಬೇರೇ ಸಡಿಲಾಗುತ್ತದೆ. ವಸ್ತು ಅವನ ಕೈಗೆ ಹೋಗದ ಹೊರತು ಓಟಿಪಿ ಕೊಡಬೇಡಿ. ಅವನು ಹೋದ ಕೂಡಲೇ ವಸ್ತುವಿನ, ಪಟ್ಟಿಯ, ಡಬ್ಬಿಯ ಫೋಟೋ ಹಾಗೂ ಆ್ಯಪಿನ ಸ್ಕ್ರೀನ್‌ಶಾಟ್ ತೆಗೆದು ಅಂದೇ ದೂರು ಬರೆಯಿರಿ. ಯಲಬುರ್ಗಾದಂಥ ಊರಿನ ಸುತ್ತಲ ಹಳ್ಳಿಗಳಿಗೆ ಪಿಕಪ್ ದಿನಾಲೂ ಬರದಿದ್ದರೆ, ಎರಡನೇ ಸಲ ಬರುವಷ್ಟರಲ್ಲಿ ವಾಪಸಾತಿಯ ಗಡುವು ಮುಗಿದಿರಬಹುದು. ಗಡುವಿನೊಳಗೇ ಕೇಳಿದ್ದೆವು ಎಂಬುದಕ್ಕೆ ಆಗ ಆ ದೂರೇ ಸಾಕ್ಷಿ.

ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತನಾಡಬಹುದು. ಆರುನೂರು ರೂಪಾಯಿಯ ಕುರ್ತಾಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ, ಈ ಎರಡು ಹೆಜ್ಜೆಗೂ ಕಾಸು ಖರ್ಚಿಲ್ಲ. ಅದರಾಚೆಗೂ ಹೋಗಬೇಕಾಗಿ ಬಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಾಟಗಾರ ಸೂರತ್ತಿನಲ್ಲಿದ್ದರೂ ಕುಷ್ಟಗಿಯವಳ ಪ್ರಕರಣ ಕೊಪ್ಪಳದಲ್ಲೇ ನಡೆಯುತ್ತದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಅಲ್ಲಿಯವರೆಗೆ ಆ ಕುರ್ತಾವನ್ನು ತೊಡದೆ, ಒಗೆಯದೆ ಬಂದ ಹಾಗೆಯೇ ಎತ್ತಿಡಬೇಕು.