ಲಾಗ್ ತೆಗೆಯೋ ಚಟ ಬಿಡೋಣ

ಕೆಪಾಸಿಟರ್ ಡಿಸ್ಚಾರ್ಜ್ ಪ್ರಯೋಗದಲ್ಲಿ ನಾವೆಲ್ಲ ಮಾಡೋದು ಒಂದೇ: ರೀಡಿಂಗ್‌ಗಳ ಲಾಗ್ ತೆಗೆದು, ಗೆರೆ ಎಳೆದು, ಇಳಿಜಾರಿನಿಂದ ಟೈಮ್ ಕಾನ್ಸ್ಟಂಟ್ ಬರೆದು, ಸಹಿ ಹಾಕಿಸಿಕೊಳ್ಳೋದು. ಈ ಪದ್ಧತಿ ನಮಗೆ ತಪ್ಪು ಉತ್ತರ ಕೊಡ್ತಿದೆ ಅನ್ನೋದು ನಮ್ಮ ವಾದ.

47 ಕಿಲೋಓಮ್, 100 ಮೈಕ್ರೋಫ್ಯಾರಡ್ ತಗೊಳ್ಳಿ. ಟೈಮ್ ಕಾನ್ಸ್ಟಂಟ್ 4.7 ಸೆಕೆಂಡ್. ಆರಂಭ 5 ವೋಲ್ಟ್, ಆದರೆ ಮೀಟರಿನ ಸೊನ್ನೆ 0.1 ವೋಲ್ಟ್ ಮೇಲೆ ಕೂತಿದೆ ಅಂದುಕೊಳ್ಳಿ. 0, 5, 10, 15, 20ನೇ ಸೆಕೆಂಡಿಗೆ 5.10, 1.83, 0.70, 0.31, 0.17 ವೋಲ್ಟ್ ಬರುತ್ತದೆ. ಲಾಗ್ ತೆಗೆದು ಗೆರೆ ಹೊಂದಿಸಿದರೆ ಸಿಗೋದು 5.8 ಸೆಕೆಂಡ್! ಬಾಲದ ಕಡೆ ಆ 0.1 ವೋಲ್ಟೇ ರೀಡಿಂಗಿನ ಅರ್ಧಕ್ಕಿಂತ ಹೆಚ್ಚು. ಬಿಂದುಗಳು ಕೊನೆಯಲ್ಲಿ ಗೆರೆ ಬಿಟ್ಟು ಮೇಲಕ್ಕೆ ಬಾಗಿದ್ದರೆ ಕಾರಣ ಇದೇ ಇರಬಹುದು. ನಾವು ಅದನ್ನ 'ಎರರ್' ಅಂತ ಬರೆದು ಮುಗಿಸ್ತೀವಿ.

ಲಾಗ್ ಬಿಟ್ಟು, `V = A·exp(-k·t) + C` ಅನ್ನೋ ಮಾದರಿಯನ್ನೇ ನೇರವಾಗಿ ಹೊಂದಿಸಬೇಕು. ಜಾಕೋಬಿಯನ್ ಅಂದರೆ ಹೆದರಬೇಕಾಗಿಲ್ಲ, ಪ್ರತಿ ರೀಡಿಂಗಿಗೂ ಮೂರು ಅಂಕಿಯ ಒಂದು ಸಾಲು ಅಷ್ಟೆ: `exp(-k·t)`, `-A·t·exp(-k·t)`, `1`. ರೀಡಿಂಗಿನಿಂದ ಮಾದರಿಯ ಬೆಲೆ ಕಳೆದದ್ದು r. ಆಮೇಲೆ ಹೆಜ್ಜೆ δ ಹೀಗೆ:

```
(JᵀJ + λI) δ = Jᵀr
```

λ ಯಾಕೆ ಬೇಕು? A, C ಎರಡನ್ನೂ ಸರಿಯಾದ ಬೆಲೆಗೆ ಕಟ್ಟಿಹಾಕಿ, k ಒಂದನ್ನೇ 1ರಿಂದ ಹುಡುಕಿ ನೋಡಿ. ನಿಜವಾದ k ಸುಮಾರು 0.213. λ ಸೊನ್ನೆ ಇದ್ದರೆ ಮೊದಲ ಹೆಜ್ಜೆಯೇ −10. K ಹೋಗಿ −9ರಲ್ಲಿ ಬೀಳುತ್ತೆ, ಇಳಿಯಬೇಕಾದ ವೋಲ್ಟೇಜ್ ಆಕಾಶಕ್ಕೆ ಹಾರುತ್ತೆ. λ = 1 ಇಟ್ಟರೆ k ಸಮಾಧಾನವಾಗಿ 0.72ಕ್ಕೆ ಬರುತ್ತೆ. ವರ್ಗಗಳ ಮೊತ್ತ 3.26ರಿಂದ 2.93ಕ್ಕೆ ಇಳಿಯಿತು, ಹೆಜ್ಜೆ ಒಪ್ಪಿಗೆ. Λ ಹತ್ತು ಪಟ್ಟು ಇಳಿಸಿ 0.1 ಮಾಡಿ. ಈಗ k = −1.24, ಮತ್ತೆ ಹಾರಾಟ. ಹೆಜ್ಜೆ ತಿರಸ್ಕರಿಸಿ, k ಅನ್ನು 0.72ರಲ್ಲೇ ಉಳಿಸಿ, λ = 1 ಮಾಡಿದರೂ k ಋಣಾತ್ಮಕವೇ. 10ಕ್ಕೆ ಏರಿಸಿದಾಗ 0.62, ಮೊತ್ತ ಇಳಿಯುತ್ತೆ. ಏಣಿ ಇಳಿಯುವಾಗ ಕಾಲಿಟ್ಟು ನೋಡಿ ಭಾರ ಹಾಕ್ತೀವಲ್ಲ, ಹಾಗೆ. ಲೆವೆನ್‌ಬರ್ಗ್ 1944ರಲ್ಲಿ, ಮಾರ್ಕ್ವಾರ್ಟ್ 1963ರಲ್ಲಿ ಪ್ರಕಟಿಸಿದ ಈ ವಿಧಾನವೇ ಇವತ್ತು `scipy.optimize.curve_fit` ಒಳಗೂ ಇರೋದು.

ಹಾಗಂತ λ ಎಲ್ಲಕ್ಕೂ ಮದ್ದಲ್ಲ. ಮೊದಲ 3 ಸೆಕೆಂಡ್ ಮಾತ್ರ ಅಳೆದರೆ ವಕ್ರರೇಖೆ ಹೆಚ್ಚು ಕಡಿಮೆ ನೇರ. K ಬದಲಾದರೆ A, C ಸೇರಿ ಅದನ್ನ ಮುಚ್ಚಿಹಾಕಿಬಿಡ್ತವೆ. JᵀJ ಸಿಂಗ್ಯುಲರ್ ಆಗೋ ಅಂಚಿನಲ್ಲಿದ್ದರೂ λ ಇರೋದರಿಂದ ಪ್ರೋಗ್ರಾಂ ಏನೂ ಗೊಣಗದೆ ಒಂದು ಉತ್ತರ ಕೊಡುತ್ತೆ. ಅದಕ್ಕೇ ಕೊನೆಯಲ್ಲಿ λ ತೆಗೆದುಹಾಕಿ, ಬರೀ JᵀJಯ ಇನ್ವರ್ಸ್‌ನಿಂದ k ಎಷ್ಟು ಅನಿಶ್ಚಿತ ಅಂತ ನೋಡಬೇಕು. ಆ ಅಂಕಿ k ಗಿಂತಲೇ ದೊಡ್ಡದಿದ್ದರೆ ಮತ್ತೆ ಸ್ಟಾಪ್‌ವಾಚ್ ಹಿಡಿದು 20 ಸೆಕೆಂಡ್ ಕಾಯಬೇಕು. ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಶೀಟಿನ ಪಕ್ಕ ಈ ಒಂದು ಅಂಕಿಗೂ ಜಾಗ ಕೊಡಿ ಅಂತ ನಾವು ಕೇಳ್ತಿರೋದು.