ಅಂಕಿ ಅವೇ, ಉತ್ತರ ಮಾತ್ರ ಬೇರೆ! ಟಿ-ಟೆಸ್ಟ್, ಕೈ-ಸ್ಕ್ವೇರ್, ಅನೋವಾ: ಯಾವಾಗ ಯಾವುದು?

‘ಈ ಔಷಧಿ ಆ ಔಷಧಿಗಿಂತ ಒಳ್ಳೆಯದು, ಸಂಶೋಧನೆಯಲ್ಲಿ ಸಾಬೀತಾಗಿದೆ’ ಎಂಬ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತವೆ. ಸಾಬೀತು ಮಾಡಲು ಬಳಸಿದ ಪರೀಕ್ಷೆಯೇ ತಪ್ಪಾಗಿದ್ದರೆ? ಇದನ್ನು ತಿಳಿಯಲು ಒಂದು ಹಳೆಯ ಉದಾಹರಣೆ ನೋಡೋಣ.

1908ರಲ್ಲಿ ವಿಲಿಯಂ ಗೊಸೆಟ್ ಎಂಬವರು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಟಿ-ಟೆಸ್ಟ್‌ಗೆ ಅಡಿಪಾಯ ಹಾಕಿದ ಲೇಖನ ಪ್ರಕಟಿಸಿದರು. ಅದರಲ್ಲಿ ಎರಡು ನಿದ್ದೆ ಔಷಧಿಗಳ ಲೆಕ್ಕವಿದೆ. 10 ರೋಗಿಗಳಿಗೆ ಮೊದಲ ಔಷಧಿಯಿಂದ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ ಹೆಚ್ಚು ನಿದ್ದೆ ಬಂದಿತ್ತು. ಈ ಅಂತರ ನಿಜವೇ, ಆಕಸ್ಮಿಕವೇ?

ಅದೇ ಜನರೋ, ಬೇರೆ ಜನರೋ?

ಎರಡು ಔಷಧಿಗಳನ್ನು ಬೇರೆ ಬೇರೆ 10 ಜನ ತೆಗೆದುಕೊಂಡಿದ್ದಾರೆ ಎಂದುಕೊಂಡು ಟಿ-ಟೆಸ್ಟ್ ಮಾಡಿದರೆ ‘ಪಿ’ ಬೆಲೆ ಸುಮಾರು 0.08 ಬರುತ್ತದೆ. ಅಂದರೆ, ಔಷಧಿಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಎಂಟು ಸಲ ಕಾಣಿಸಬಹುದು. ಸಾಮಾನ್ಯವಾಗಿ ಒಪ್ಪುವ ಮಿತಿ 0.05. ಹಾಗಾಗಿ ‘ಸಾಬೀತಾಗಿಲ್ಲ’ ಎನ್ನಬೇಕಾಗುತ್ತದೆ.

ಆದರೆ ಎರಡೂ ಔಷಧಿಗಳನ್ನು ತೆಗೆದುಕೊಂಡವರು ಅದೇ 10 ಜನ. ಆಗ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವ ‘ಜೋಡಿ ಟಿ-ಟೆಸ್ಟ್’ ಮಾಡಬೇಕು. ಈಗ ಪಿ ಸುಮಾರು 0.003! ಕೆಲವರಿಗೆ ಎರಡೂ ಔಷಧಿಗಳಿಂದ ನಿದ್ದೆ ಹೆಚ್ಚು ಏರುತ್ತದೆ, ಕೆಲವರಿಗೆ ಕಡಿಮೆ. ಜೋಡಿ ಮಾಡಿದಾಗ ಆ ಏರುಪೇರು ಲೆಕ್ಕದಿಂದ ಹೊರಹೋಗುತ್ತದೆ.

ಒಬ್ಬರ ಅಂಕಿಯೇ ಎಲ್ಲವನ್ನೂ ಎಳೆಯುತ್ತಿದೆಯೇ?

ಒಬ್ಬ ರೋಗಿಯಲ್ಲಿ ಎರಡು ಔಷಧಿಗಳ ಅಂತರ 4.6 ಗಂಟೆ. ಉಳಿದವರಲ್ಲಿ 0ಯಿಂದ 2.4ರವರೆಗೆ ಮಾತ್ರ. ಹೀಗೆ ಜನ ಕಡಿಮೆಯಿದ್ದು, ಒಂದು ಅಂಕಿ ತೀರಾ ದೂರವಿದ್ದರೆ ಸರಾಸರಿಯನ್ನು ನಂಬುವುದು ಕಷ್ಟ. ಆಗ ಅಂಕಿಗಳ ಬದಲು ಅವುಗಳ ಸ್ಥಾನವನ್ನಷ್ಟೇ (ರ‍್ಯಾಂಕ್) ನೋಡುವ ಪರೀಕ್ಷೆ ಮಾಡಬೇಕು. ಜೋಡಿಗಳಿಗೆ ವಿಲ್ಕಾಕ್ಸನ್, ಬೇರೆ ಬೇರೆ ಗುಂಪುಗಳಿಗೆ ಮ್ಯಾನ್-ವಿಟ್ನಿ. ಇಲ್ಲಿ 9 ಜನರಿಗೆ ಎರಡನೆಯ ಔಷಧಿಯೇ ಮೇಲು, ಒಬ್ಬರಿಗೆ ಎರಡೂ ಸಮ. ವಿಲ್ಕಾಕ್ಸನ್‌ನಲ್ಲೂ ಪಿ 0.01ಕ್ಕಿಂತ ಕಡಿಮೆಯೇ. ‘ಸ್ವಲ್ಪ, ಸಾಧಾರಣ, ತುಂಬಾ’ ಎಂಬಂಥ ಉತ್ತರಗಳಿಗೂ ಈ ಪರೀಕ್ಷೆಗಳೇ ಸರಿ.

ಗುಂಪು ಮೂರಾದರೆ?

ಎರಡೆರಡನ್ನೇ ಹಿಡಿದು ಮೂರು ಟಿ-ಟೆಸ್ಟ್ ಮಾಡಬೇಡಿ. ಆಗ ಇಲ್ಲದ ವ್ಯತ್ಯಾಸ ‘ಕಾಣುವ’ ಅಪಾಯ ಶೇ 5ರಿಂದ ಶೇ 10ರ ಮೇಲಕ್ಕೆ ಏರುತ್ತದೆ. ಮೊದಲು ಅನೋವಾ ಮಾಡಿ. ಆದರೆ ಅದು ‘ಎಲ್ಲವೂ ಒಂದೇ ಅಲ್ಲ’ ಎಂದಷ್ಟೇ ಹೇಳುತ್ತದೆ. ಯಾವುದು ಬೇರೆ ಎಂದು ತಿಳಿಯಲು ಇನ್ನೊಂದು ಹೆಜ್ಜೆ ಬೇಕು.

ಗಂಟೆ ಅಳೆಯದೆ ತಲೆ ಎಣಿಸಿದರೆ?

‘ನಿದ್ದೆ ಬಂತು, ಬರಲಿಲ್ಲ’ ಎಂದು ಬೇರೆ ಬೇರೆ ಗುಂಪಿನ ಜನರನ್ನು ಎಣಿಸಿದ್ದರೆ ಕೈ-ಸ್ಕ್ವೇರ್ ಬಳಸಬೇಕು. ಅದಕ್ಕೆ ಶೇಕಡಾ ಅಲ್ಲ, ನಿಜವಾದ ಎಣಿಕೆಯನ್ನೇ ಕೊಡಬೇಕು. 10 ಜನರಲ್ಲಿ 7 ಮತ್ತು 1,000 ಜನರಲ್ಲಿ 700, ಎರಡೂ ಶೇ 70. ಆದರೆ ಎರಡರ ಬಲ ಒಂದೇ ಅಲ್ಲ.

ಹಾಗಾಗಿ ಮುಂದಿನ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ: ಅಳೆದದ್ದೋ ಎಣಿಸಿದ್ದೋ? ಎಷ್ಟು ಗುಂಪು? ಅದೇ ಜನರೋ, ಬೇರೆಯವರೋ?